ಸಮಯಪಾಲನೆಗೆ ಇಪ್ಪತ್ತೆರಡು ನಿಮಿಷ

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮುಖ್ಯ ಗುರುಗಳು ನನ್ನನ್ನು ಕರೆದು, "ಸೋಮವಾರ ಪ್ರಾರ್ಥನೆಯಲ್ಲಿ ಸಮಯಪಾಲನೆ ಕುರಿತು ನಾಲ್ಕು ಮಾತು ಆಡಬೇಕು, ಬರೆದುಕೊಡಿ" ಎಂದರು. ಕನ್ನಡ ಮಾಸ್ತರನಾಗಿ ಹುಟ್ಟಿದವನಿಗೆ ಈ ಕರ್ಮ ತಪ್ಪದು. ಬೀಳ್ಕೊಡುಗೆ ಪತ್ರದಿಂದ ಶ್ರದ್ಧಾಂಜಲಿಯವರೆಗೆ ಎಲ್ಲವೂ ನಮ್ಮ ಪಾಲಿಗೆ. ಕಲಬುರಗಿ ಜಿಲ್ಲೆಯ ನಮ್ಮ ಊರಿನ ಪ್ರೌಢಶಾಲೆಯಲ್ಲಂತೂ ಪೆನ್ನು ಹಿಡಿಯುವವನು ನಾನೊಬ್ಬನೇ ಎಂಬ ನಂಬಿಕೆ ಬಲವಾಗಿದೆ.

ಬರೆಯಲು ಕುಳಿತಾಗ ಮೊದಲು ತಡವಾಗಿ ಬರುವವರು ಯಾರು ಎಂದು ಹಾಜರಿ ಪುಸ್ತಕ ನೋಡಿದೆ. ಹೆಚ್ಚುಕಡಿಮೆ ದಿನವೂ ಅದೇ ಹದಿನೇಳು ಹೆಸರು. ಹದಿನೇಳು ಮಕ್ಕಳೂ ಒಂದೇ ಬಸ್ಸಿನವರು. ಆ ಬಸ್ಸು ನಮ್ಮ ಊರಿನ ನಿಲ್ದಾಣಕ್ಕೆ ಬರಬೇಕಾದ ಸಮಯ 9:55. ಪಾಪ, ಅದು 9:55ಕ್ಕೇ ಬರುತ್ತದೆ. ನಮ್ಮ ಮೊದಲ ಗಂಟೆ 9:45ಕ್ಕೆ, ಪ್ರಾರ್ಥನೆ 9:50ಕ್ಕೆ. ಅಂದರೆ ಬಸ್ಸು ಎಷ್ಟು ನಿಷ್ಠೆಯಿಂದ ಸಮಯ ಪಾಲಿಸುತ್ತದೆಯೋ ಮಕ್ಕಳು ಅಷ್ಟು ನಿಷ್ಠೆಯಿಂದ ತಡವಾಗುತ್ತಾರೆ. ಅದಕ್ಕಿಂತ ಮೊದಲಿನ ಬಸ್ಸು ಬೆಳಿಗ್ಗೆ ಏಳೂವರೆಗೆ. ಅದನ್ನು ಹಿಡಿದರೆ ಶಾಲೆಯ ಬೀಗ ತೆಗೆಯುವವರೆಗೆ ಒಂದೂವರೆ ಗಂಟೆ ಗೇಟಿನ ಮುಂದೆ ಕೂರಬೇಕು.

ಇನ್ನು ಗಡಿಯಾರಗಳ ವಿಷಯ. ಕಚೇರಿಯ ಗೋಡೆ ಗಡಿಯಾರ ಐದು ನಿಮಿಷ ಮುಂದಿದೆ. ದೈಹಿಕ ಶಿಕ್ಷಕರ ಕೈಗಡಿಯಾರ ಏಳು ನಿಮಿಷ ಹಿಂದಿದೆ. ಜವಾನ ಗೋಡೆ ನೋಡಿ ಗಂಟೆ ಹೊಡೆಯುತ್ತಾನೆ, ದೈಹಿಕ ಶಿಕ್ಷಕರು ಕೈ ನೋಡಿ "ಸಾವಧಾನ್" ಎನ್ನುತ್ತಾರೆ. ನಡುವಿನ ಹನ್ನೆರಡು ನಿಮಿಷ ಯಾರಿಗೂ ಸೇರಿದ್ದಲ್ಲ. ಸಮಯಕ್ಕೆ ಸರಿಯಾಗಿ ಬಂದ ಹುಡುಗ ಗೋಡೆಯ ಪ್ರಕಾರ ತಡವಾದವನು, ತಡವಾಗಿ ಬಂದವನು ಕೈಯ ಪ್ರಕಾರ ಶಿಸ್ತಿನ ಸಿಪಾಯಿ. ಸೂರ್ಯನನ್ನು ಕೇಳಿದರೆ ಅವನ ಲೆಕ್ಕವೇ ಬೇರೆ. ಭಾರತದ ಗಡಿಯಾರ ನಡೆಯುವುದು ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಕಲಬುರಗಿ ಇರುವುದು ಸುಮಾರು 76.8ರಲ್ಲಿ. ಒಂದು ಡಿಗ್ರಿ ತಿರುಗಲು ಭೂಮಿಗೆ ನಾಲ್ಕು ನಿಮಿಷ ಬೇಕು. ಹಾಗಾಗಿ ನಮ್ಮ ತೊಗರಿ ಹೊಲಗಳ ಮೇಲೆ ಸೂರ್ಯ ದಿನವೂ ಸುಮಾರು ಇಪ್ಪತ್ಮೂರು ನಿಮಿಷ ತಡವಾಗಿ ಹಾಜರಾಗುತ್ತಾನೆ. ಅವನನ್ನು ಗೇಟಿನ ಹೊರಗೆ ನಿಲ್ಲಿಸಿದ ಮುಖ್ಯ ಗುರು ಇನ್ನೂ ಹುಟ್ಟಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ನಾನು ಬರೆದದ್ದು ಒಂದೇ ಪುಟ. ನಿಧಾನವಾಗಿ ಓದಿದರೂ ಎರಡು ನಿಮಿಷ ದಾಟುವುದಿಲ್ಲ.

"ಮಕ್ಕಳೇ, ಇಂದಿನಿಂದ ಈ ಶಾಲೆಗೆ ಒಂದೇ ಗಡಿಯಾರ. ಅದನ್ನು ಪ್ರತಿ ಸೋಮವಾರ ಮೊಬೈಲ್ ನೋಡಿ ಸರಿಪಡಿಸುತ್ತೇವೆ. ಪ್ರಾರ್ಥನೆ ಹತ್ತು ಗಂಟೆಗೆ ಆರಂಭವಾಗುತ್ತದೆ, ಏಕೆಂದರೆ ಬಸ್ಸು 9:55ಕ್ಕೆ ಬರುತ್ತದೆ. ಹತ್ತು ಹದಿನೈದಕ್ಕೆ ಮೊದಲ ಅವಧಿ. ಅಷ್ಟರೊಳಗೆ ನಾನು ಬಾರದಿದ್ದರೆ ನನಗಾಗಿ ಕಾಯಬೇಡಿ, ಪ್ರಾರ್ಥನೆ ಮುಗಿಸಿ ತರಗತಿಗೆ ಹೋಗಿ. ಇದರ ಮೇಲೂ ತಡವಾದವರು ತರಗತಿ ಶಿಕ್ಷಕರಿಗೆ ಕಾರಣ ಹೇಳಿ ಒಳಗೆ ಕುಳಿತುಕೊಳ್ಳಿ. ತಡವಾದದ್ದಕ್ಕೆ ಪಾಠ ತಪ್ಪಿಸುವುದು ಶಿಕ್ಷೆಯಲ್ಲ, ಅದು ಇನ್ನಷ್ಟು ತಡ."

ಮುಖ್ಯ ಗುರುಗಳು ಓದಿದರು. ಕನ್ನಡಕ ತೆಗೆದರು. "ಇದು ಸುತ್ತೋಲೆಯಾಯಿತು ಗುರುಗಳೇ, ಭಾಷಣ ಎಲ್ಲಿದೆ? ವಿಶ್ವೇಶ್ವರಯ್ಯನವರು ಎಲ್ಲಿ?" ಎಂದರು.

ನಿಜ, ಕನ್ನಡ ನಾಡಿನಲ್ಲಿ ವಿಶ್ವೇಶ್ವರಯ್ಯನವರಿಲ್ಲದೆ ಸಮಯಪಾಲನೆಯ ಭಾಷಣ ನಿಲ್ಲುವುದಿಲ್ಲ. ಸೇರಿಸಿದೆ. ನಮ್ಮ ಭಾಗ ಆಗ ನಿಜಾಮರ ಆಡಳಿತದಲ್ಲಿದ್ದದ್ದರಿಂದ ಹೈದರಾಬಾದಿನ ಮೂಸಿ ಪ್ರವಾಹದ ಕಥೆಯನ್ನೇ ಆರಿಸಿದೆ. ಬರೆಯುತ್ತಿದ್ದಂತೆ ಕೈ ನಡುಗಿತು. ಪ್ರವಾಹ ಬಂದದ್ದು 1908ರಲ್ಲಿ, ಅದನ್ನು ತಡೆಯುವ ಯೋಜನೆಗೆ ಅವರು ಬಂದದ್ದು 1909ರಲ್ಲಿ. ಹತ್ತನೆಯ ತರಗತಿಯ ಹಿಂದಿನ ಬೆಂಚು ಇದನ್ನು ಬಿಡುವುದಿಲ್ಲ. ಮುಂದಿನ ಪ್ರವಾಹಕ್ಕೆ ಮೊದಲೇ ಬಂದರು ಎಂದು ವಿವರಿಸಲು ಇನ್ನೊಂದು ಪ್ಯಾರಾ ಬೇಕಾಯಿತು. ಭಾನುವಾರ ಸಂಜೆಯ ಹೊತ್ತಿಗೆ ಭಾಷಣ ಐದು ಪುಟವಾಗಿತ್ತು. ಬಸ್ಸು, ಗಡಿಯಾರ ಎರಡನ್ನೂ ಜಾಗ ಸಾಲದೆಂದು ಮುಖ್ಯ ಗುರುಗಳು ತೆಗೆದಿದ್ದರು.

ಸೋಮವಾರ ಬಂತು. ಮುಖ್ಯ ಗುರುಗಳು 10:02ಕ್ಕೆ ಬಂದರು. ಅವರು ಬರುವವರೆಗೆ ಪ್ರಾರ್ಥನೆ ಆರಂಭಿಸುವ ಧೈರ್ಯ ಯಾರಿಗೂ ಇಲ್ಲದ್ದರಿಂದ ಅವರು ತಡವಾಗಲಿಲ್ಲ, ಪ್ರಾರ್ಥನೆ ತಡವಾಯಿತು. ನಮ್ಮ ಪ್ರಾರ್ಥನೆಯಲ್ಲಿ ಅಳತೆ ಇಲ್ಲದ್ದು ಯಾವುದು ಎಂದು ಅಂದು ನಿಂತಲ್ಲೇ ಯೋಚಿಸಿದೆ. ನಾಡಗೀತೆಗೆ ಸರ್ಕಾರವೇ ಎರಡೂವರೆ ನಿಮಿಷ ಎಂದು ಗೊತ್ತು ಮಾಡಿದೆ. ರಾಷ್ಟ್ರಗೀತೆ 52 ಸೆಕೆಂಡು. ಸಂವಿಧಾನದ ಪೀಠಿಕೆ ಇರುವುದಷ್ಟೇ, ಉದ್ದ ಮಾಡಲು ಬರುವುದಿಲ್ಲ. ಸುಭಾಷಿತ ಒಂದು ಸಾಲು. ಭಾಷಣಕ್ಕೆ ಮಾತ್ರ ಯಾವ ಆದೇಶವೂ ಇಲ್ಲ.

10:12ಕ್ಕೆ ಆರಂಭವಾಯಿತು. "ಕಳೆದುಹೋದ ಕಾಲ ಮರಳಿ ಬಾರದು" ಎಂಬ ಮಾತು ಮೂರು ಸಲ ಮರಳಿ ಬಂತು. ವಿಶ್ವೇಶ್ವರಯ್ಯನವರು ಮೂಸಿ ನದಿ ತಲುಪುವ ಹೊತ್ತಿಗೆ ಎಂಟನೆಯ ತರಗತಿಯ ಒಬ್ಬಳು ಕುಸಿದು ಕುಳಿತಳು. ಬೆಳಿಗ್ಗೆ ಒಂಬತ್ತಕ್ಕೇ ಬಂದು ಅಂಗಳ ಗುಡಿಸಿದವಳು ಅವಳು. ಮೈಕು ಕೂಗಿತು, ಜವಾನ ಸರಿಪಡಿಸಿದ, "ಎಲ್ಲಿದ್ದೆ?" ಎಂದು ಮುಖ್ಯ ಗುರುಗಳು ಒಂದು ಪುಟ ಹಿಂದಕ್ಕೆ ಹೋದರು. ಮುಗಿದಾಗ 10:34. ಸಾಲಿನಲ್ಲಿ ನಿಂತವರು 395 ಮಕ್ಕಳು. ತಲೆಗೆ ಇಪ್ಪತ್ತೆರಡು ನಿಮಿಷದಂತೆ ಗುಣಿಸಿದರೆ ಹತ್ತಿರ ಹತ್ತಿರ 145 ಗಂಟೆ. ಹಗಲು ರಾತ್ರಿ ಸೇರಿ ಆರು ದಿನ ಮುಗಿದು ಏಳನೆಯ ದಿನ ಆರಂಭವಾಗಿತ್ತು.

ಸಮಯಪಾಲನೆ ಯಾರಿಗಾಗಿ ಬೇಕಿತ್ತೋ ಆ ಹದಿನೇಳು ಮಂದಿ ಈ ಭಾಷಣ ಕೇಳಲೇ ಇಲ್ಲ. ನಿಯಮದಂತೆ ಅವರು ಗೇಟಿನ ಹೊರಗಿದ್ದರು. ಅವರನ್ನು ಕಾಯಲು ನೇಮಿಸಿದ್ದು ಗಣಿತ ಮಾಸ್ತರರನ್ನು. ಮೊದಲ ಅವಧಿ ಹತ್ತನೆಯ ತರಗತಿಗೆ ಅವರದೇ. ಹದಿನೇಳರಲ್ಲಿ ಹನ್ನೊಂದು ಮಂದಿ ಹತ್ತನೆಯವರು. 10:20ರವರೆಗೆ ಮಾಸ್ತರರು ತಾಳಿದರು. ಆಮೇಲೆ ಬೇವಿನ ಮರದ ಕೆಳಗಿನ ಒಂದು ಮೀಟರ್ ಕೋಲು ತೆಗೆದು ಬಿಸಿಲಿನಲ್ಲಿ ನೆಟ್ಟಗೆ ನಿಲ್ಲಿಸಿ ನೆರಳು ಅಳೆಯಿಸಿದರು. ಅರವತ್ತು ಸೆಂಟಿಮೀಟರ್. ಗೇಟಿನ ಪಕ್ಕದ ವಿದ್ಯುತ್ ಕಂಬದ ನೆರಳನ್ನು ಹುಡುಗಿಯರು ಅದೇ ಕೋಲಿನಿಂದ ಅಳೆದರು. ನಾಲ್ಕು ಮೀಟರ್ ಎಂಬತ್ತು. ಎರಡು ತ್ರಿಭುಜಗಳೂ ಸಮರೂಪ, ಒಂದೇ ಹೊತ್ತಿನ ಒಂದೇ ಬಿಸಿಲು. ಅರವತ್ತಕ್ಕೆ ನೂರಾದರೆ ನಾನೂರ ಎಂಬತ್ತಕ್ಕೆ ಎಷ್ಟು? ಕಂಬ ಎಂಟು ಮೀಟರ್. ಬೇಗ ಅಳೆಯಿರಿ, ನೆರಳು ಸರಿಯುತ್ತಿದೆ, ಎರಡನ್ನೂ ಒಟ್ಟಿಗೆ ಅಳೆಯದಿದ್ದರೆ ಉತ್ತರ ತಪ್ಪುತ್ತದೆ ಎಂದು ಅವರು ಕೂಗುತ್ತಿದ್ದುದು ನನಗೆ ಸಾಲಿನ ಕೊನೆಯವರೆಗೂ ಕೇಳಿಸುತ್ತಿತ್ತು.

ಎರಡನೆಯ ಅವಧಿಯ ಗಂಟೆಗೆ ಮೊದಲು ಹತ್ತನೆಯ ತರಗತಿಗೆ ಹೋಗಿ ಇಣುಕಿದೆ. ಸಮಯಕ್ಕೆ ಬಂದವರೆಲ್ಲ ತಡವಾಗಿ ಬಂದವರ ಸುತ್ತ ಗುಂಪುಗೂಡಿ ಲೆಕ್ಕವನ್ನು ನಕಲು ಮಾಡಿಕೊಳ್ಳುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಆ ಹನ್ನೊಂದು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ "ತಡ" ಎಂದು ಬರೆದಾಗಿತ್ತು.