ಡ್ರಾಪ್ಸ್ ಕೊಳ್ಳುವ ಮುಂಚೆ ಬೆಳಗಿನ ರೆಪ್ಪೆ ನೋಡಿ

ಮಳೆಗಾಲ ಹಿಡಿಯಿತೆಂದರೆ ತೀರ್ಥಹಳ್ಳಿಯಿಂದ ಸಾಗರದವರೆಗೆ ಯಾವ ಮೆಡಿಕಲ್ ಶಾಪಿನ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: "ಕಣ್ಣು ಕೆಂಪಗಾಗಿದೆ, ಒಂದು ಡ್ರಾಪ್ಸ್ ಕೊಡಿ." ಮಗುವಿನ ಕಣ್ಣೋ ದೊಡ್ಡವರದೋ, ಒಂದೋ ಎರಡೋ, ಸುರಿಯುತ್ತಿರುವುದು ನೀರೋ ಗೀಜೋ, ಕೇಳುವವರಿಲ್ಲ. ಬಾಟಲಿ ಕೈ ಬದಲಾಗುತ್ತದೆ, ಅಷ್ಟೆ. ಹಾಗೆ ಹೋಗುವ ಆ್ಯಂಟಿಬಯೋಟಿಕ್ ಡ್ರಾಪ್ಸ್‌ನಲ್ಲಿ ಬಹುಪಾಲು ಬೇಕೇ ಇರಲಿಲ್ಲ, ಕೆಲವು ಹಾಕಲೇಬಾರದಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇಕೋ ಬೇಡವೋ ಎಂಬುದನ್ನು ಬಹಳ ಮಟ್ಟಿಗೆ ಮನೆಯಲ್ಲೇ ಅಂದಾಜು ಮಾಡಬಹುದು. ಅದಕ್ಕೆ ಬೆಳಿಗ್ಗೆ ಎದ್ದ ಕೂಡಲೇ, ಮುಖ ತೊಳೆಯುವ ಮೊದಲು, ರೆಪ್ಪೆ ನೋಡಬೇಕು.

ಹೊಸನಗರದ ಕಡೆಯ ಒಂದು ತೋಟದ ಮನೆ ಅಂತ ಇಟ್ಟುಕೊಳ್ಳಿ. ಒಂದನೇ ಕ್ಲಾಸಿನ ಹುಡುಗಿ ಸೋಮವಾರ ಏಳುವಾಗ ಎರಡೂ ಕಣ್ಣು ಬಿಡಲಾಗದೆ ಅಳುತ್ತಾಳೆ. ರೆಪ್ಪೆಗೂದಲೆಲ್ಲ ಹಳದಿ ಗೀಜಿನಲ್ಲಿ ಅಂಟಿ ಒಣಗಿ ಕೂತಿದೆ. ಅಜ್ಜಿ ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟು ನೆನೆಸಿದ ಮೇಲೆ ಕಣ್ಣು ಬಿಡುತ್ತದೆ. ಒರೆಸಿದ ಸ್ವಲ್ಪ ಹೊತ್ತಿಗೆ ಮೂಲೆಯಲ್ಲಿ ಮತ್ತೆ ದಪ್ಪ ಗೀಜು. ಅಷ್ಟಾದರೂ ನೋವು ಅನ್ನುವುದಿಲ್ಲ, ಕಿಟಕಿಯ ಬೆಳಕಿಗೆ ಮುಖ ತಿರುಗಿಸುವುದಿಲ್ಲ, ಗೀಜು ಒರೆಸಿಬಿಟ್ಟರೆ ಕ್ಯಾಲೆಂಡರಿನ ಸಣ್ಣ ಅಕ್ಷರ ಎಂದಿನಂತೆ ಓದುತ್ತಾಳೆ. ಇದು ಬ್ಯಾಕ್ಟೀರಿಯಾದಿಂದ ಬರುವ ಕಣ್ಣು ಬೇನೆಯ ಚಿತ್ರ. ಮಕ್ಕಳಲ್ಲಿ ಸೋಂಕಿನ ಕೆಂಗಣ್ಣಿಗೆ ಹೆಚ್ಚಿನ ಸಲ ಬ್ಯಾಕ್ಟೀರಿಯಾವೇ ಕಾರಣ, ಕಿವಿನೋವು ತರುವ ಅದೇ ಬಳಗದ್ದು. ಆದ್ದರಿಂದ ಮಗು ಕಿವಿಯನ್ನೂ ಹಿಡಿದುಕೊಳ್ಳುತ್ತಿದ್ದರೆ ಕಿವಿ ತೋರಿಸಲೇಬೇಕು. ಅಲ್ಲಿ ಸೋಂಕಿದ್ದರೆ ಕಣ್ಣಿನ ಡ್ರಾಪ್ಸ್ ಸಾಲದು, ಬಾಯಿಗೆ ಔಷಧಿ ಬೇಕಾಗಬಹುದು.

ಪಕ್ಕದ ಮನೆಯ ನಲವತ್ತರ ಯಜಮಾನರದು ಬೇರೆ ಕಥೆ. ವಾರದ ಹಿಂದೆ ಶೀತ, ಗಂಟಲು ಕೆರೆತ. ಮೊದಲು ಬಲಗಣ್ಣು ಕೆಂಪಾಗಿ ನೀರು ಸುರಿಯಿತು, ಮೂರನೇ ದಿನ ಎಡಗಣ್ಣಿಗೂ ಬಂತು. ಮರಳು ಬಿದ್ದ ಹಾಗೆ ಕಿರಿಕಿರಿ. ಕಿವಿಯ ಮುಂದೆ ಒತ್ತಿದರೆ ಸಣ್ಣ ಗಂಟು ನೋಯುತ್ತದೆ. ಬೆಳಿಗ್ಗೆ ರೆಪ್ಪೆ ಸ್ವಲ್ಪ ಅಂಟಿರುತ್ತದೆ, ಬೆರಳಲ್ಲಿ ಸವರಿದರೆ ಬಿಡುತ್ತದೆ. ಇದು ವೈರಸ್ಸು, ನಾವು ಮದ್ರಾಸ್ ಐ ಅನ್ನುವುದು. 2023ರ ಜುಲೈ-ಆಗಸ್ಟ್‌ನಲ್ಲಿ ರಾಜ್ಯದ ತುಂಬ ಹಬ್ಬಿದ್ದು ಇದೇ ಜಾತಿಯದು. ದೊಡ್ಡವರ ಸೋಂಕಿನ ಕೆಂಗಣ್ಣಿನಲ್ಲಿ ಹೆಚ್ಚಿನದು ವೈರಸ್ಸಿನದೇ. ಆ್ಯಂಟಿಬಯೋಟಿಕ್ ಅದನ್ನು ಮುಟ್ಟುವುದೂ ಇಲ್ಲ. ಮೊದಲ ನಾಲ್ಕೈದು ದಿನ ಏರುತ್ತದೆ, ಆಮೇಲೆ ತಾನೇ ಇಳಿಯುತ್ತದೆ, ಪೂರ್ತಿ ತಿಳಿಯಾಗಲು ಎರಡು ವಾರ, ಕೆಲವರಿಗೆ ಮೂರು ವಾರ.

ಡ್ರಾಪ್ಸ್‌ಗೆ ಹೆಸರು ಬರುವುದು ಈ ಲೆಕ್ಕದಲ್ಲೇ ನೋಡಿ. ಜನ ಮೂರು ದಿನ ನೋಡಿ ನಾಲ್ಕನೇ ದಿನ ಬೇಸತ್ತು ಹಾಕಲು ಶುರುಮಾಡುತ್ತಾರೆ. ಬೇನೆ ಇಳಿಯತೊಡಗುವುದೂ ಹೆಚ್ಚುಕಡಿಮೆ ಆಗಲೇ. ಕೀರ್ತಿ ಬಾಟಲಿಗೆ.

ತುರಿಕೆಯೇ ಮುಖ್ಯ ದೂರಾಗಿ, ಎರಡೂ ಕಣ್ಣು ಉಜ್ಜಿ ಉಜ್ಜಿ ಕೆಂಪಾಗಿ, ಬಿಳಿಯ ನೂಲಿನಂಥ ಲೋಳೆ ಬರುತ್ತಿದ್ದರೆ ಅದು ಅಲರ್ಜಿ. ಅದಕ್ಕೆ ಬೇಕಾದದ್ದು ತಣ್ಣೀರ ಬಟ್ಟೆ ಮತ್ತು ಅಲರ್ಜಿಯ ಡ್ರಾಪ್ಸ್. ಜೋರಾಗಿ ಕೆಮ್ಮಿದ ಮೇಲೆ ಬಿಳಿ ಭಾಗದಲ್ಲಿ ರಕ್ತದ ಕಲೆ ಕಂಡು, ನೋವೂ ಇಲ್ಲ ಗೀಜೂ ಇಲ್ಲ ಎಂದರೆ ಏನೂ ಹಾಕುವುದು ಬೇಡ. ಎರಡು ವಾರದಲ್ಲಿ ಅದು ಹಳದಿಯಾಗಿ ಮಾಯವಾಗುತ್ತದೆ. ಕೆಲವು ತಿಂಗಳ ಕೂಸಿಗೆ ಹುಟ್ಟಿದಾಗಿನಿಂದ ಒಂದು ಕಣ್ಣಲ್ಲಿ ನೀರು, ಗೀಜು, ಆದರೆ ಬಿಳಿ ಭಾಗ ಬೆಳ್ಳಗೇ ಇದೆ ಎಂದಾದರೆ ಕಣ್ಣೀರು ಮೂಗಿಗೆ ಇಳಿಯುವ ನಾಳ ಇನ್ನೂ ತೆರೆದಿಲ್ಲ ಎಂದು ಅರ್ಥ. ವೈದ್ಯರು ತೋರಿಸಿಕೊಟ್ಟಂತೆ ಮೂಗಿನ ಪಕ್ಕ ಒತ್ತಿ ಕೆಳಗೆ ನೀವುವುದೇ ಅದಕ್ಕೆ ಮದ್ದು. ಹೆಚ್ಚಿನವರಿಗೆ ವರ್ಷ ತುಂಬುವುದರೊಳಗೆ ತೆರೆಯುತ್ತದೆ.

ಈಗ ಹುಡುಗಿಗೆ ಬರೋಣ. ಬ್ಯಾಕ್ಟೀರಿಯಾ ಎಂದು ಗೊತ್ತಾದ ಮೇಲೂ ಸೋಮವಾರವೇ ಡ್ರಾಪ್ಸ್ ಬೇಕೆ? ಬೇಕೇಬೇಕೆಂದೇನಿಲ್ಲ. ಇಂಗ್ಲೆಂಡಿನಲ್ಲಿ 307 ಮಕ್ಕಳು ಮತ್ತು ದೊಡ್ಡವರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ನೋಡಿತು. ಕೆಲವರಿಗೆ ಕೂಡಲೇ ಡ್ರಾಪ್ಸ್, ಕೆಲವರಿಗೆ ಇಲ್ಲವೇ ಇಲ್ಲ, ಇನ್ನು ಕೆಲವರಿಗೆ "ಮೂರು ದಿನ ನೋಡಿ, ಇಳಿಯದಿದ್ದರೆ ಬಂದು ತಗೊಳ್ಳಿ" ಎಂಬ ಮಾತು. ಹೆಚ್ಚು ತೊಂದರೆ ಕೊಟ್ಟ ದಿನಗಳು ಕೂಡಲೇ ಹಾಕಿದವರಿಗೆ ಸರಾಸರಿ 3.3, ಕಾದವರಿಗೆ 3.9, ಕೊಡದವರಿಗೆ 4.8. ಕಾಯಲು ಹೇಳಿಸಿಕೊಂಡವರಲ್ಲಿ ಅರ್ಧದಷ್ಟು ಜನ ಡ್ರಾಪ್ಸ್ ಮುಟ್ಟಲೇ ಇಲ್ಲ. ಅಂದರೆ ಡ್ರಾಪ್ಸ್ ಸುಳ್ಳಲ್ಲ, ಒಂದೊಂದೂವರೆ ದಿನ ಉಳಿಸುತ್ತದೆ. ಕಾದು ನೋಡಿದರೆ ಕಳೆದುಕೊಳ್ಳುವುದು ಅರ್ಧ ದಿನಕ್ಕಿಂತ ಸ್ವಲ್ಪ ಹೆಚ್ಚು.

ಹಾಗಾಗಿ ಹುಡುಗಿಗೆ ಗುರುವಾರದವರೆಗೆ ಒರೆಸುವುದೇ ಚಿಕಿತ್ಸೆ. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಗೀಜು ಮೆತ್ತಗಾಗುವಷ್ಟು ಹೊತ್ತು ರೆಪ್ಪೆಯ ಮೇಲಿಟ್ಟು, ಮೂಗಿನ ಕಡೆಯಿಂದ ಹೊರಗೆ ಒಂದೇ ಸಲ ಎಳೆದು ಆ ಹತ್ತಿ ಎಸೆಯಬೇಕು. ಇನ್ನೊಂದು ಕಣ್ಣಿಗೆ ಬೇರೆ ಹತ್ತಿ. ದಿನಕ್ಕೆ ನಾಲ್ಕೈದು ಸಲ. ನಮ್ಮಲ್ಲಿ ದೊಡ್ಡ ತೊಡಕು ಬೈರಾಸಿನದು. ಆಷಾಢದ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ, ಬಚ್ಚಲಿನ ಗೂಟಕ್ಕೆ ಒಂದೇ ಒದ್ದೆ ಬೈರಾಸು, ಮನೆಮಂದಿಯೆಲ್ಲ ಅದರಲ್ಲೇ ಮುಖ ಒರೆಸುವುದು. ಕಣ್ಣು ಬಂದವರದ್ದು ಮತ್ತು ದಿಂಬಿನ ಕವರ್ ಬೇರೆ ಇಟ್ಟು ಒಲೆಯ ಮೇಲಾದರೂ ಒಣಗಿಸಿ. ನಂದಿಬಟ್ಟಲು ನೆನೆಸಿದ ನೀರು, ಎದೆಹಾಲು, ಜೇನು ಇವನ್ನು ಕಣ್ಣೊಳಗೆ ಬಿಡುವುದು ಬೇಡ. ಹೂವಿನ ಮೇಲೆ ತಕರಾರಿಲ್ಲ. ಮೊದಲೇ ಕೆರಳಿದ ಕಣ್ಣಿಗೆ ಹೊಸ ರೋಗಾಣು ಹೋಗುತ್ತದೆ ಎಂಬುದೇ ಭಯ.

ಗುರುವಾರವೂ ಗೀಜು ಅಷ್ಟೇ ಇದ್ದರೆ ಅಥವಾ ಹೆಚ್ಚಿದರೆ ವೈದ್ಯರಿಗೆ ತೋರಿಸಿ ಡ್ರಾಪ್ಸ್ ಶುರುಮಾಡುವುದು ಸರಿ. ಮೊದಲ ದಿನವೇ ರೆಪ್ಪೆ ಊದಿ ಗೀಜು ಧಾರಾಳ ಇದ್ದರೆ ಕಾಯದೆ ಹಾಕುವುದಕ್ಕೂ ನನ್ನ ವಿರೋಧವಿಲ್ಲ. ಸಾಮಾನ್ಯವಾಗಿ ಬರೆಯುವ ಮಾಕ್ಸಿಫ್ಲಾಕ್ಸಸಿನ್ 0.5 ಶೇಕಡಾ ಆದರೆ ದಿನಕ್ಕೆ 3 ಸಲ, ಕ್ಲೋರಾಂಫೆನಿಕಾಲ್ 0.5 ಶೇಕಡಾ ಆದರೆ ಮೊದಲ 2 ದಿನ ಎರಡೆರಡು ಗಂಟೆಗೆ, ಆಮೇಲೆ ದಿನಕ್ಕೆ 4 ಸಲ. ಐದರಿಂದ ಏಳು ದಿನ ಸಾಕು. ಒಂದು ಸಲಕ್ಕೆ ಒಂದೇ ಹನಿ. ರೆಪ್ಪೆಯ ಒಳಗೆ ಒಂದು ಹನಿಗಿಂತ ಹೆಚ್ಚು ನಿಲ್ಲುವುದಿಲ್ಲ, ಎರಡನೆಯದು ಕೆನ್ನೆಗೆ. ಗೀಜು ಒರೆಸದೆ ಹಾಕಿದರೂ ಔಷಧಿ ಗೀಜಿಗೇ ಹೋಗುತ್ತದೆ. ಹಟ ಮಾಡುವ ಮಗುವನ್ನು ಅಂಗಾತ ಮಲಗಿಸಿ, ಕಣ್ಣು ಮುಚ್ಚಿಕೊಂಡೇ ಇರಲಿ, ಮೂಗಿನ ಕಡೆಯ ಮೂಲೆಯಲ್ಲಿ ಹನಿ ಬಿಟ್ಟು "ಈಗ ನನ್ನ ನೋಡು ಪುಟ್ಟಿ" ಅನ್ನಿ. ಕಣ್ಣು ಬಿಟ್ಟ ಕೂಡಲೇ ಹನಿ ತಾನೇ ಒಳಗೆ ಇಳಿಯುತ್ತದೆ. ಆಮೇಲೆ ಆ ಮೂಲೆಯನ್ನು ಬೆರಳಲ್ಲಿ ಒಂದು ನಿಮಿಷ ಮೆಲ್ಲಗೆ ಒತ್ತಿದರೆ ಔಷಧಿ ಗಂಟಲಿಗೆ ಇಳಿದು ಕಹಿಯಾಗುವುದಿಲ್ಲ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು, ಒಂದು ಬಾಟಲಿ ಒಬ್ಬರಿಗೆ ಮಾತ್ರ.

ಎರಡು ಮೂರು ದಿನ ಸರಿಯಾಗಿ ಹಾಕಿದ ಮೇಲೂ ಬದಲಾವಣೆ ಇಲ್ಲದಿದ್ದರೆ ಇನ್ನೊಂದು ಕಂಪನಿಯದು ಕೊಳ್ಳುವುದಲ್ಲ, ಕಣ್ಣಿನ ಡಾಕ್ಟರಲ್ಲಿಗೆ ಹೋಗುವುದು. ಎರಡು ವಾರದಿಂದ ಹಾಕುತ್ತಲೇ ಇದ್ದು ಕಣ್ಣು ಕೆಂಪಾಗಿಯೇ ಇದೆ ಎನ್ನುವವರಲ್ಲಿ ಕೆಲವರಿಗೆ ಡ್ರಾಪ್ಸೇ ಕಾರಣ. ಔಷಧಿಯೋ ಅದು ಕೆಡದಂತೆ ಸೇರಿಸಿದ ರಾಸಾಯನಿಕವೋ ಕಣ್ಣನ್ನು ಕೆರಳಿಸುತ್ತಿರುತ್ತದೆ.

ಇನ್ನು ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ. ಪಕ್ಕದ ಮನೆಯ ಯಜಮಾನರು ಅಲಮಾರಿಯಿಂದ ತೆಗೆಯುವುದು ಹೋದ ವರ್ಷ ಅಪ್ಪಯ್ಯನ ಪೊರೆ ಆಪರೇಷನ್ನಿಗೆ ಕೊಟ್ಟಿದ್ದ ಬಾಟಲಿ. ಒಡೆದು ತಿಂಗಳಾದರೆ ಎಸೆಯಬೇಕಾದದ್ದು ಎಂಬುದು ಒಂದು. ಅದರಲ್ಲಿ ಹೆಚ್ಚಾಗಿ ಆ್ಯಂಟಿಬಯೋಟಿಕ್ ಜತೆ ಸ್ಟಿರಾಯ್ಡ್ ಇರುತ್ತದೆ ಎಂಬುದು ಅದಕ್ಕಿಂತ ದೊಡ್ಡದು. ಅಂಥ ಡ್ರಾಪ್ಸ್ ಹೆಸರಿನ ಕೊನೆಗೆ ಸಾಮಾನ್ಯವಾಗಿ ಡಿ, ಡಿಎಕ್ಸ್ ಎಂಬ ಬಾಲ ಇರುತ್ತದೆ. ಲೇಬಲ್ಲಿನ ಸಣ್ಣ ಅಕ್ಷರದಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಹುಡುಕಿ. ಹಾಕಿದ ಮಾರನೇ ದಿನವೇ ಕೆಂಪು ಇಳಿಯುತ್ತದೆ, ಅದೇ ಮೋಸ. ಕೆಂಪು ಇಳಿಯುವುದು ಕಣ್ಣಿನ ಪ್ರತಿರೋಧ ಕುಗ್ಗಿದ್ದರಿಂದ, ರೋಗಾಣು ಸತ್ತಿದ್ದರಿಂದಲ್ಲ. ಆ ಕೆಂಪು ಹರ್ಪಿಸ್ ವೈರಸ್ಸಿನದಾಗಿದ್ದರೆ ಕರಿಗುಡ್ಡೆಯ ಹುಣ್ಣು ಹರಡುತ್ತದೆ. ವಾರಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಕಣ್ಣನ್ನು ಯಂತ್ರದಲ್ಲಿ ನೋಡದೆ ಯಾರೂ ಇದನ್ನು ಕೊಡಬಾರದು, ಕೊಟ್ಟರೂ ನೀವು ತೆಗೆದುಕೊಳ್ಳಬೇಡಿ.

ತೋಟ ಗದ್ದೆಯವರಿಗೆ ಇದರಲ್ಲಿ ಅಪಾಯ ಇನ್ನೂ ಜಾಸ್ತಿ. ಅಡಿಕೆ ಸೋಗೆಯ ಚೂರೋ, ಭತ್ತದ ಗರಿಯೋ ಕಣ್ಣಿಗೆ ತಾಗಿ ಎರಡು ಮೂರು ದಿನಕ್ಕೆ ಒಂದೇ ಕಣ್ಣು ಕೆಂಪಾಗಿ, ನೋವು ಬಂದು, ಬೆಳಕು ಚುಚ್ಚಿ, ಕರಿಗುಡ್ಡೆಯ ಮೇಲೆ ಬೂದು ಬಿಳಿ ಚುಕ್ಕೆ ಕಂಡರೆ ಅದು ಕಣ್ಣು ಬೇನೆಯಲ್ಲ. ಶಿಲೀಂಧ್ರ ಬೇರೂರುತ್ತಿರಬಹುದು. ಅದಕ್ಕೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ, ಸ್ಟಿರಾಯ್ಡ್ ಗೊಬ್ಬರವಾಗುತ್ತದೆ. ಹುಣ್ಣನ್ನು ಸ್ವಲ್ಪ ಕೆರೆದು ಪರೀಕ್ಷೆ ಮಾಡಿ ನಟಮೈಸಿನ್‌ನಂಥ ಬೇರೆಯೇ ಔಷಧಿ ಶುರುಮಾಡಬೇಕು. ಅಂದೇ ಶಿವಮೊಗ್ಗಕ್ಕೆ ಹೊರಡಿ, ಮೆಗ್ಗಾನ್ ಇರಲಿ ಬೇರೆ ಕಣ್ಣಿನ ಆಸ್ಪತ್ರೆ ಇರಲಿ.

ಮೂರು ದಿನ ಕಾಯುವ ಮಾತು ಇನ್ನು ಕೆಲವರಿಗೂ ಇಲ್ಲ: ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು, ಕಣ್ಣು ಕೆಂಪಾಗಿ ಗೀಜು ಸುರಿಯುವ ತಿಂಗಳೊಳಗಿನ ಕೂಸು, ಒರೆಸಿದ ಕೆಲವೇ ನಿಮಿಷಕ್ಕೆ ಕೀವು ಮತ್ತೆ ತುಂಬುವವರು, ಜ್ವರ ಬಂದು ರೆಪ್ಪೆ ಬಿಸಿಯಾಗಿ ಊದಿದ ಮಗು, ರೆಪ್ಪೆ ಬಡಿದರೂ ಮಂಜು ಹೋಗದವರು. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವಾಗ ಕಣ್ಣಿಗೆ ಸಿಡಿದರೆ ಡ್ರಾಪ್ಸೂ ಬೇಡ, ಡಾಕ್ಟರೂ ಆಮೇಲೆ. ಅದರಲ್ಲಿ ಸುಣ್ಣವಿದೆ, ಒಳಗೊಳಗೆ ಸುಡುತ್ತಾ ಹೋಗುತ್ತದೆ. ನಿಂತಲ್ಲೇ, ಹತ್ತಿರ ಸಿಕ್ಕ ಶುದ್ಧ ನೀರಿನಲ್ಲಿ, ರೆಪ್ಪೆ ಅಗಲಿಸಿ ಹಿಡಿದು ಅರ್ಧ ಗಂಟೆ ತೊಳೆದು, ರೆಪ್ಪೆಯೊಳಗೆ ಸುಣ್ಣದ ಹರಳು ಉಳಿದಿದ್ದರೆ ಒದ್ದೆ ಬಟ್ಟೆಯ ತುದಿಯಲ್ಲಿ ತೆಗೆದು, ಆಮೇಲೆ ಗಾಡಿ ಹತ್ತಿ.