ಹಬ್ಬದ ದಿನ ಕುಡಿದ ಕಬ್ಬಿನ ಹಾಲು, ತಿಂಗಳ ಮೇಲೆ ಬಂದ ಕಾಮಾಲೆ

ನಮ್ಮಲ್ಲಿ ಯಾರಿಗೆ ಹೊಟ್ಟೆ ಕೆಟ್ಟರೂ ಮೊದಲು ಕೇಳುವುದು "ನಿನ್ನೆ ಎಂತ ತಿಂದಿದ್ದೆ?" ಅಂತ. ಕಳೆದ ವರ್ಷ ಜೂನಿನಲ್ಲಿ ನನ್ನ ಅಕ್ಕನ ಮಗನ ಕಣ್ಣು ಹಳದಿಯಾದಾಗಲೂ ಮನೆಯಲ್ಲಿ ಎಲ್ಲರೂ ಅದನ್ನೇ ಕೇಳಿದರು. ಹಿಂದಿನ ಸಂಜೆ ಅವನು ಪೇಟೆಯಲ್ಲಿ ಪರೋಟ ತಿಂದಿದ್ದ. ಅಕ್ಕನಿಗೆ ಅಷ್ಟೇ ಸಾಕಾಯಿತು, ಆ ಹೋಟೆಲಿನವನ ಹೆಸರು ಹಿಡಿದು ಶಪಿಸುತ್ತಲೇ ಮಗನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಬಂದಳು. ಅಂಕೋಲೆಯ ಆ ಡಾಕ್ಟರು ಪರೋಟದ ಕಥೆ ಪೂರ್ತಿ ಕೇಳಿಸಿಕೊಂಡು, "ನಿನ್ನೆದ್ದು ಬಿಡಿ. ಬಂಡಿಹಬ್ಬದ ಹೊತ್ತಿಗೆ ಹೊರಗೆ ಎಂತ ಕುಡಿದಿದ್ದ, ಅದು ಹೇಳಿ" ಅಂದರು.

ಬಂಡಿಹಬ್ಬ ಆಗಿ ತಿಂಗಳು ಕಳೆದಿತ್ತು. ಆದರೂ ಆ ದಿನ ನನಗೆ ಚೆನ್ನಾಗಿ ನೆನಪಿತ್ತು, ಯಾಕೆಂದರೆ ನಾನೂ ಜೊತೆಗಿದ್ದೆ. ಮೇ ತಿಂಗಳ ಸೆಕೆ, ಜನಜಂಗುಳಿ. ಅಕ್ಕ, ಅವಳ ಮಗ, ನಾನು ಮೂರೂ ಜನ ಒಂದೇ ಗಾಡಿಯ ಮುಂದೆ ನಿಂತು ಕಬ್ಬಿನ ಹಾಲು ಕುಡಿದೆವು. ಹುಡುಗ ಎರಡು ಗ್ಲಾಸು ಕುಡಿದ. ಸಾಲದು ಎಂದು ತಳದಲ್ಲಿ ಉಳಿದ ಐಸನ್ನೂ ಕಟಕಟ ಅಗಿದು ತಿಂದ.

ಆ ಗಾಡಿಯಲ್ಲಿ ಐಸಿನ ಗಟ್ಟಿಯನ್ನು ಗೋಣಿ ಸುತ್ತಿ ನೆಲದ ಮೇಲೆ ಇಟ್ಟಿದ್ದರು. ಗಿರಾಕಿ ಬಂದಾಗ ಹುಡುಗನೊಬ್ಬ ಗೋಣಿ ಸರಿಸಿ, ಕಬ್ಬಿಣದ ಕೊಕ್ಕೆಯಿಂದ ಒಂದು ತುಂಡು ಎಬ್ಬಿಸಿ, ಅಂಟಿದ್ದ ಹೊಟ್ಟನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆದು, ಬಟ್ಟೆಚೀಲದಲ್ಲಿ ಹಾಕಿ ಮರದ ತುಂಡಿನಿಂದ ಕುಟ್ಟುತ್ತಿದ್ದ. ಪುಡಿಯನ್ನು ಬರಿಗೈಯಲ್ಲಿ ತೆಗೆದು ಜರಡಿಗೆ ಹಾಕುತ್ತಿದ್ದ. ಹಾಲು ಆ ಐಸಿನ ಮೇಲೆಯೇ ಇಳಿದು ಕೆಳಗಿನ ಪಾತ್ರೆಗೆ ಬೀಳುತ್ತದೆ. ಅದೇ ಬಕೆಟ್ಟಿನಲ್ಲಿ ಗ್ಲಾಸನ್ನೂ ಅದ್ದುತ್ತಿದ್ದರು ಎನ್ನುವುದನ್ನು ನಾನು ನೋಡಿಯೂ ನೋಡದವನ ಹಾಗೆ ಇದ್ದೆ.

ನನಗೆ ಮಾರನೆಯ ದಿನ ರಾತ್ರಿ, ಅಂದರೆ ಸುಮಾರು ಮೂವತ್ತಾರು ತಾಸಿನ ಮೇಲೆ, ವಾಂತಿ ಶುರುವಾಯಿತು. ಬೆಳಗಿನವರೆಗೆ ನೀರುಭೇದಿ. ಗಂಜಿತಿಳಿಗೆ ಉಪ್ಪು ಹಾಕಿ ಕುಡಿದು, ಒಆರ್‌ಎಸ್ ಪೊಟ್ಟಣ ಕದಡಿ ಕುಡಿದು ಎರಡು ದಿನದಲ್ಲಿ ಎದ್ದೆ. ಅಕ್ಕನಿಗೆ ಏನೂ ಆಗಲಿಲ್ಲ. ಹುಡುಗನೂ ಆರಾಮಾಗಿದ್ದು "ಮಾಮನಿಗೆ ವಯಸ್ಸಾಯ್ತು" ಎಂದು ನನ್ನನ್ನೇ ನಗೆಯಾಡಿದ.

ಹಬ್ಬದಿಂದ 29ನೇ ದಿನ ಅವನಿಗೆ ಜ್ವರ ಬಂತು. ಮೀನು ಹುರಿಯುವ ವಾಸನೆ ಬಂದರೆ ಓಕರಿಕೆ. ಬಂಗಡೆ ಎಂದರೆ ಜೀವ ಬಿಡುವ ಹುಡುಗ ಅಡುಗೆಮನೆ ಕಡೆ ಸುಳಿಯಲಿಲ್ಲ. ಮೂತ್ರ ಕಷಾಯದ ಬಣ್ಣಕ್ಕೆ ತಿರುಗಿತು. ನಾಲ್ಕು ದಿನ ಬಿಟ್ಟು ಕಣ್ಣು ಹಳದಿಯಾಯಿತು. ರಕ್ತ ಪರೀಕ್ಷೆಯಲ್ಲಿ, ಯಕೃತ್ತಿಗೆ ಪೆಟ್ಟಾದರೆ ಏರುವ ಎಸ್‌ಜಿಪಿಟಿ ಸಾವಿರ ದಾಟಿತ್ತು, ಹೆಪಟೈಟಿಸ್ ಎ ಪಾಸಿಟಿವ್.

ಡಾಕ್ಟರು ಹಬ್ಬದ ಹೊತ್ತಿನ ಮಾತು ಎತ್ತಿದ್ದು ಯಾಕೆ ಅಂತ ಆಮೇಲೆ ವಿವರಿಸಿದರು. ಹೆಪಟೈಟಿಸ್ ಎ ವೈರಾಣು ಹೊಟ್ಟೆಗೆ ಹೋದ ಮೇಲೆ ಕಾಯಿಲೆ ಕಾಣಿಸಲು 15ರಿಂದ 50 ದಿನ ಬೇಕು, ಹೆಚ್ಚಾಗಿ ನಾಲ್ಕು ವಾರ. ಹೆಪಟೈಟಿಸ್ ಇ ಕೂಡ ಇದೇ ರೀತಿ ತಡವಾಗಿ ಬರುತ್ತದೆ, ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಅದು ಪ್ರಾಣಕ್ಕೇ ಕುತ್ತು ತರಬಹುದು. ಟೈಫಾಯ್ಡ್ ಒಂದರಿಂದ ಮೂರು ವಾರ ತೆಗೆದುಕೊಳ್ಳುತ್ತದೆ. ರಾತ್ರಿ ಕುಡಿದು ಬೆಳಗಾಗುವುದರೊಳಗೆ, ಇಲ್ಲವೇ ಒಂದೆರಡು ದಿನದಲ್ಲಿ ಏಳುವುದು ನೊರೋವೈರಸ್, ಇ. ಕೋಲಿ, ಶಿಗೆಲ್ಲಾ, ಕಾಲರಾ ಇಂಥವು. "ನಿನ್ನೆ ಎಂತ ತಿಂದಿದ್ದೆ" ಅಂತ ಕೇಳಿದರೆ ಸಿಗುವುದು ಈ ಎರಡನೆಯ ಗುಂಪು ಮಾತ್ರ. ಕಾಮಾಲೆ, ಟೈಫಾಯ್ಡ್ ಬಂದವರು ಕುಡಿದದ್ದನ್ನೇ ಮರೆತಿರುತ್ತಾರೆ, ಗಾಡಿಯವನೂ ಅಷ್ಟರಲ್ಲಿ ಬೇರೆ ಊರಿನ ಜಾತ್ರೆಗೆ ಹೋಗಿರುತ್ತಾನೆ. ಐಸಿನ ಮೇಲೆ ದೂರು ಬರದೇ ಇರುವುದಕ್ಕೆ ಇದೇ ದೊಡ್ಡ ಕಾರಣ ಅಂತ ನನಗೆ ಅನಿಸುತ್ತದೆ.

ಹಾಗಾದರೆ ಒಂದೇ ಐಸು ಕುಡಿದ ಮೂವರಿಗೆ ಮೂರು ಥರ ಯಾಕಾಯಿತು? ಕಕ್ಕಸಿನ ನೀರು ಬೆರೆತರೆ ಅದರಲ್ಲಿ ಒಂದೇ ಜಾತಿಯ ರೋಗಾಣು ಇರುವುದಿಲ್ಲ. ನನಗೆ ಬಡಿದದ್ದು ಬೇಗ ಏಳುವ ಯಾವುದೋ ಒಂದು, ಬಹುಶಃ ನೊರೋವೈರಸ್, ಪರೀಕ್ಷೆ ಮಾಡಿಸಲಿಲ್ಲ. ಅಕ್ಕನಿಗೆ ಚಿಕ್ಕವಳಿದ್ದಾಗಲೇ ಕಾಮಾಲೆ ಆಗಿತ್ತು. ಹೆಪಟೈಟಿಸ್ ಎ ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ. ನನ್ನ ವಯಸ್ಸಿನವರಲ್ಲಿ ಹೆಚ್ಚಿನವರಿಗೆ ಬಾಲ್ಯದಲ್ಲೇ, ಗೊತ್ತೇ ಆಗದ ಹಾಗೆ ಬಂದು ಹೋಗಿರುತ್ತದೆ. ಸಣ್ಣ ಮಕ್ಕಳಲ್ಲಿ ಅದು ಕಣ್ಣು ಹಳದಿ ಮಾಡದೆಯೇ ದಾಟುವುದೇ ಹೆಚ್ಚು. ಅಕ್ಕನ ಮಗ ಫಿಲ್ಟರ್ ನೀರಿನಲ್ಲಿ ಬೆಳೆದವನು. ಇಪ್ಪತ್ತೆರಡರಲ್ಲಿ ಮೊದಲ ಸಲ ಎದುರಾಯಿತು, ದೊಡ್ಡವರಿಗೆ ಬಂದರೆ ಅದು ಜೋರಾಗಿಯೇ ಬರುತ್ತದೆ.

ಗಾಡಿಯ ಐಸೇ ಕಾರಣ ಅಂತ ಕೋರ್ಟಿನಲ್ಲಿ ಸಾಧಿಸುವ ಹಾಗಿಲ್ಲ, ಒಪ್ಪುತ್ತೇನೆ. ಆ ಬಕೆಟ್ಟಿನ ನೀರಾಗಿರಬಹುದು, ಕುಟ್ಟಿದ ಹುಡುಗನ ಕೈಯಾಗಿರಬಹುದು. ಈ ಕಾಯಿಲೆಯವನ ಮಲದಲ್ಲಿ ವೈರಾಣು ಹೋಗುವುದು ಕಣ್ಣು ಹಳದಿಯಾಗುವ ಎರಡು ವಾರ ಮೊದಲೇ ಶುರುವಾಗುತ್ತದೆ, ಆಗ ಅವನು ಆರೋಗ್ಯವಂತನಂತೆ ಓಡಾಡಿಕೊಂಡಿರುತ್ತಾನೆ. ಆದರೆ ಐಸಿನ ಮೇಲೆ ನನಗೆ ಹೆಚ್ಚು ಅನುಮಾನ ಬರಲು ಬೇರೆ ಕಾರಣ ಇದೆ.

ಡಿಗ್ರಿ ಮುಗಿಸಿದ ಮೇಲೆ ಎರಡು ವರ್ಷ ನಾನು ಮೀನು ಬಂದರದ ಪಕ್ಕದ ಒಂದು ಐಸ್ ಪ್ಲ್ಯಾಂಟಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಉಪ್ಪುನೀರಿನ ದೊಡ್ಡ ತೊಟ್ಟಿ, ಅಮೋನಿಯಾ ಯಂತ್ರ ಅದನ್ನು ಸೊನ್ನೆಗಿಂತ ಹತ್ತು ಡಿಗ್ರಿಯಷ್ಟು ಕೆಳಗೆ ಇಟ್ಟಿರುತ್ತದೆ. ತಗಡಿನ ಉದ್ದ ಡಬ್ಬಗಳಿಗೆ ನೀರು ತುಂಬಿ ಅದರಲ್ಲಿ ಇಳಿಬಿಟ್ಟರೆ ಗಟ್ಟಿಯಾಗಲು ಒಂದು ದಿನ, ದೊಡ್ಡ ಗಟ್ಟಿಯಾದರೆ ಇನ್ನೂ ಹೆಚ್ಚು ಬೇಕು. ಆಮೇಲೆ ಡಬ್ಬವನ್ನು ಎತ್ತಿ ಮಾಮೂಲಿ ನೀರಿನ ತೊಟ್ಟಿಯಲ್ಲಿ ಅದ್ದುತ್ತಾರೆ, ಅಂಚು ಕರಗಿ ಗಟ್ಟಿ ಜಾರಿ ನೆಲಕ್ಕೆ ಬರುತ್ತದೆ. ಅದ್ದುವ ತೊಟ್ಟಿಯ ನೀರನ್ನು ದಿನವಿಡೀ ಬದಲಿಸುತ್ತಿರಲಿಲ್ಲ. ನೆಲದ ಮೇಲೆ ಬಂದರದಲ್ಲಿ ನಡೆದ ಚಪ್ಪಲಿಗಳೇ ಓಡಾಡುತ್ತಿದ್ದವು. ನಮ್ಮ ಬಾವಿ ಉಪ್ಪಾದಾಗ ಟ್ಯಾಂಕರ್ ಬರುತ್ತಿತ್ತು. ಅದು ಯಾವ ಬಾವಿಯದ್ದು ಅಂತ ನಾನಂತೂ ಕೇಳಿದವನಲ್ಲ. ಕ್ಲೋರಿನ್ ಹಾಕಿದ್ದನ್ನು ನಾನು ನೋಡಿಲ್ಲ.

ಬೋಟಿನವರ ಲೆಕ್ಕಕ್ಕೆ ದೊಡ್ಡ ಪುಸ್ತಕ ಇತ್ತು. ಮಾರ್ಚಿಯಿಂದ ಮೇವರೆಗೆ ಮಾತ್ರ ತೆರೆಯುವ ಸಣ್ಣ ಪುಸ್ತಕ ಇನ್ನೊಂದು, ಅದು ಜ್ಯೂಸ್ ಗಾಡಿಯವರದ್ದು. ಗಟ್ಟಿ ಅದೇ, ದರ ಅದೇ. ಬಂಗಡೆ ಮೇಲೆ ಸುರಿಯಲು ಹೋದ ಐಸಿನ ತಮ್ಮನೇ ಸರಬತ್ತಿನ ಗ್ಲಾಸಿಗೂ ಹೋಗುತ್ತಿತ್ತು. ಆಗ ನನಗೆ ಇದು ತಪ್ಪು ಅಂತಲೂ ಅನಿಸಲಿಲ್ಲ. ಐಸ್ ಅಂದರೆ ಐಸ್, ಅದರಲ್ಲಿ ಏನು ಬದುಕುತ್ತದೆ ಅನ್ನುವ ಭಾವನೆ.

ಬದುಕುತ್ತವೆ, ಅದೇ ತಾಪತ್ರಯ. ಹೆಪ್ಪುಗಟ್ಟಿದಾಗ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಸಾಯುತ್ತವೆ, ಎಲ್ಲವೂ ಅಲ್ಲ. ಹೆಪಟೈಟಿಸ್ ಎ, ನೊರೋವೈರಸ್‌ಗಳಿಗಂತೂ ಐಸು ತಂಪಾದ ಉಗ್ರಾಣ ಇದ್ದ ಹಾಗೆ. ಶಿಗೆಲ್ಲಾ ಆಮಶಂಕೆ ತರಲು ಹತ್ತರಿಂದ ನೂರು ಕ್ರಿಮಿ ಸಾಕು, ಹಾಗಾಗಿ ಬಹಳಷ್ಟು ಸತ್ತರೂ ಉಳಿದದ್ದು ಕೆಲಸ ಮಾಡುತ್ತದೆ. 1985ರಲ್ಲಿ ಅಮೆರಿಕದ ಸಂಶೋಧಕರು ಇಂಥ ರೋಗಾಣುಗಳನ್ನು ಐಸಿನಲ್ಲಿ ಹೆಪ್ಪುಗಟ್ಟಿಸಿ ಕೋಲಾ, ಸೋಡಾ, ಟಕೀಲಾಗಳಲ್ಲಿ ಕರಗಿಸಿ ನೋಡಿದ್ದರು. ಟಕೀಲಾದಲ್ಲೂ ಅವು ಪೂರ್ತಿ ಸಾಯಲಿಲ್ಲ. ಲಿಂಬೆ ಹಿಂಡಿದೆ, ಬಿರಿಂಡಾ ಹುಳಿ ಇದೆ, ಸೋಡಾ ಇದೆ ಎಂದು ಸಮಾಧಾನ ಮಾಡಿಕೊಳ್ಳುವವರಿಗಾಗಿ ಇದನ್ನು ಬರೆದೆ.

ಮಳೆಗಾಲ ಶುರುವಾಗುವ ಹೊತ್ತು ಇನ್ನೂ ಕಷ್ಟದ್ದು. 1987ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಜೋರು ಮಳೆಗೆ ಹಳ್ಳ ಉಕ್ಕಿ ಒಂದು ಐಸ್ ಕಂಪನಿಯ ಬಾವಿಗಳಿಗೆ ನೀರು ನುಗ್ಗಿತು. ಆ ಐಸು ಫುಟ್‌ಬಾಲ್ ಪಂದ್ಯಕ್ಕೂ ಪಕ್ಕದ ರಾಜ್ಯದ ಒಂದು ಸಮಾರಂಭಕ್ಕೂ ಹೋಗಿ, ಎರಡೂ ಕಡೆ ಜನ ವಾಂತಿಭೇದಿಯಿಂದ ಮಲಗಿದರು. ಮೊದಲ ಮಳೆಗೆ ನಮ್ಮ ಗಜನಿ, ಗದ್ದೆ ಬದಿಯ ಬಾವಿಗಳ ನೀರು ಕೆಂಪಾಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೋಡಿ ಗುರುತಿಸಬಹುದಾ ಎಂದು ಹಲವರು ಕೇಳುತ್ತಾರೆ. ಗಾಜಿನ ಹಾಗೆ ಪಾರದರ್ಶಕವಾಗಿದ್ದರೆ ಶುದ್ಧ ಅನ್ನುವುದು ಸುಳ್ಳು. ನೀರು ಹೊರಗಿನಿಂದ ಒಳಗೆ ಹೆಪ್ಪುಗಟ್ಟುತ್ತಾ ಗಾಳಿ, ಲವಣವನ್ನು ಮಧ್ಯಕ್ಕೆ ದೂಡುತ್ತದೆ, ಅದಕ್ಕೇ ಗಟ್ಟಿಯ ನಡುವೆ ಬಿಳಿ ಎಳೆ. ಅಂಚಿನ ತುಂಡು ಹೊಳೆಯುತ್ತದೆ, ಅಷ್ಟೇ. ಕುಡಿಯಲಾಗದ ನೀರಿನಿಂದ ಮಾಡಿದ, ಮಾಲು ತಂಪಾಗಿಡಲಿಕ್ಕೆ ಮಾತ್ರ ಬಳಸುವ ಐಸಿಗೆ 10 ಪಿಪಿಎಮ್‌ವರೆಗೆ ನೀಲಿ ಬಣ್ಣ ಹಾಕಬೇಕು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತ್ತು. ಒಳ್ಳೆಯ ಯೋಚನೆಯೇ. ಆದರೆ ನಮ್ಮ ಕಡೆಯ ಗಾಡಿಗಳಲ್ಲಿ ನೀಲಿ ಗಟ್ಟಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬಿದ್ದರೂ, ಪುಡಿ ಮಾಡಿ ಬಿರಿಂಡಾ ಸರಬತ್ತಿಗೆ ಹಾಕಿದ ಮೇಲೆ ಆ ತೆಳು ನೀಲಿ ಯಾರಿಗೆ ಕಾಣಬೇಕು? ಗಿರಾಕಿಗೆ ಉಳಿಯುವ ಗುರುತು ಆಕಾರ ಒಂದೇ. ಮಧ್ಯೆ ತೂತಿರುವ ಕೊಳವೆ ಐಸು ಅಥವಾ ಒಂದೇ ಅಳತೆಯ ಕ್ಯೂಬು ಸೀಲ್ ಮಾಡಿದ ಚೀಲದಿಂದ ಬಂದಿದ್ದರೆ ಸ್ವಲ್ಪ ವಾಸಿ. ಅಡ್ಡಾದಿಡ್ಡಿ ಒಡೆದ ಚೂರಾದರೆ ಅದು ಗಟ್ಟಿಯಿಂದ ಬಂದದ್ದು. ಚೀಲದ ಐಸನ್ನೂ ಅದೇ ಬಕೆಟ್ಟಿಗೆ ಅದ್ದಿದರೆ ಪ್ರಯೋಜನ ಇಲ್ಲ, ಅದೂ ಇದೆ.

ಅಕ್ಕನ ಮಗ ಆರು ವಾರದಲ್ಲಿ ಸುಧಾರಿಸಿದ. ನಡುವೆ ಹಳ್ಳಿಯಿಂದ ನಾಟಿ ಮದ್ದು ಬಂತು, ಅಕ್ಕನ ಪಾಲಿಗೆ ಗುಣ ಮಾಡಿದ್ದು ಅದೇ. ಹೆಪಟೈಟಿಸ್ ಎ ಬಹುಪಾಲು ತಾನಾಗಿಯೇ ಇಳಿಯುತ್ತದೆ ಅಂತ ನಾನು ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು. ಹಾಗೆಂದು ಎಲ್ಲವನ್ನೂ ಮನೆಯಲ್ಲೇ ಕೂರಿಸಬೇಡಿ. ಮಾತು ತೊದಲಿದರೆ, ಹಗಲುರಾತ್ರಿ ಮಂಪರಾದರೆ, ವಾಂತಿ ನಿಲ್ಲದಿದ್ದರೆ, ಅಥವಾ ಬಸುರಿಗೆ ಕಣ್ಣು ಹಳದಿಯಾದರೆ ಮದ್ದು ಹುಡುಕುತ್ತಾ ಕೂರದೆ ಸೀದಾ ಆಸ್ಪತ್ರೆಗೆ ಹೋಗಿ.

ಗಾಡಿಯವರನ್ನು ಬೈಯಲು ನನಗೆ ಮನಸ್ಸಿಲ್ಲ. ಈ ಬೇಸಿಗೆಯಲ್ಲಿ ಒಬ್ಬನ ಹತ್ತಿರ "ಐಸ್ ಬೇಡ ಮಾರಾಯ, ಹಾಗೇ ಕೊಡು" ಅಂದೆ. ಅವನು ಹಲ್ಲು ಬಿಟ್ಟು, "ಐಸ್ ಹಾಕ್ದೇ ಕೊಟ್ರೆ ಗ್ಲಾಸ್ ತುಂಬ್ಬೇಕು, ಕಬ್ಬು ಜಾಸ್ತಿ ಹೋಗ್ತದೆ. ಹತ್ತು ರೂಪಾಯಿ ಮೇಲೆ ಆಗ್ತದೆ ನೋಡಿ" ಅಂದ. ನ್ಯಾಯವೇ. ಸಿದ್ದಾಪುರ, ಶಿರಸಿ ಕಡೆಯ ಆಲೆಮನೆಯಲ್ಲಿ ಐಸಿಲ್ಲದೆ ಎರಡು ಚೊಂಬು ಇಳಿಸುವ ನಮಗೆ ರಸ್ತೆಯಲ್ಲಿ ಮಾತ್ರ ಐಸು ಯಾಕೆ ಬೇಕು ಅಂತ ನನಗೆ ಗೊತ್ತಾಗುವುದಿಲ್ಲ. ಹತ್ತು ರೂಪಾಯಿ ಹೆಚ್ಚು ಕೊಟ್ಟೆ. ಅಷ್ಟರಲ್ಲಿ ಅವನು ಗ್ಲಾಸು ತೆಗೆದು ಬಕೆಟ್ಟಿಗೆ ಅದ್ದಲು ಹೊರಟಿದ್ದ. ಜೊತೆಗಿದ್ದ ಅಕ್ಕನ ಮಗ ಚೀಲದಿಂದ ತನ್ನ ಸ್ಟೀಲ್ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಮುಂದೆ ಹಿಡಿದ.