ಸತ್ತನೋ, ಅತ್ತನೋ?

ನಿನ್ನೆ ಶನಿವಾರ, ರಾತ್ರಿ ಹತ್ತೂವರೆ. ಪಕ್ಕದ ರೂಮಿನಲ್ಲಿ ಮಗು ಆಗತಾನೇ ಮಲಗಿತ್ತು. ಟಿವಿಯಲ್ಲಿ ಇಬ್ಬರು ಪೊಲೀಸರು ಕತ್ತಲಲ್ಲಿ ನಿಂತು ಪಿಸುಗುಡುತ್ತಿದ್ದರು. ಅಪ್ಪ ಮುಂದಕ್ಕೆ ಬಾಗಿ, "ಏನಂದ?" ಅಂದರು.

ಅಪ್ಪನ ಈ 'ಏನಂದ' ಸಾಲದ ಬಡ್ಡಿ ಇದ್ದ ಹಾಗೆ. ಅವರು ಕೇಳುವಾಗ ಒಂದು ಡೈಲಾಗ್ ಹೋಗುತ್ತದೆ, ನಾನು ಹೇಳುವಾಗ ಇನ್ನೆರಡು. ಆ ಎರಡಕ್ಕೂ ಮತ್ತೆ "ಏನಂದ?" ಇಂಟರ್ವಲ್ ಹೊತ್ತಿಗೆ ಅಸಲು ಯಾವುದು, ಬಡ್ಡಿ ಯಾವುದು ಇಬ್ಬರಿಗೂ ಗೊತ್ತಿರುವುದಿಲ್ಲ. ಪಿಸುಮಾತಿಗೆ ವಾಲ್ಯೂಮ್ 32ಕ್ಕೆ ಏರಿಸಿದೆ. ಮರುಕ್ಷಣವೇ ಜೀಪು ಢಮಾರ್! ಮಗು ಕಿಟಾರನೆ ಕಿರುಚಿತು. 14ಕ್ಕೆ ಇಳಿಸಿದೆ. ಒಳಗಿಂದ ಹೆಂಡತಿ, "ರೀ, ಅದನ್ನ ಆಫ್ ಮಾಡ್ತೀರೋ, ಇಲ್ಲಾ ಇವಳನ್ನ ನೀವೇ ಮಲಗಿಸ್ತೀರೋ?" ಅಂದಳು.

ಇಡೀ ಸಿನಿಮಾದಲ್ಲಿ ಅಪ್ಪ 'ಏನಂದ' ಅನ್ನದೆ ಬಿಟ್ಟಿದ್ದು ಒಂದೇ ಒಂದು ಮಾತಿಗೆ. "ತಮ್ಮ ಸತ್ತ" ಅಂತ ಒಬ್ಬ ಹೇಳಿದ. ಅಪ್ಪ ತಲೆಯಾಡಿಸಿದರು. ಸದ್ಯ, ಕೇಳಿಸಿತಲ್ಲ ಅಂದುಕೊಂಡೆ. ಮುಕ್ಕಾಲು ಗಂಟೆ ಕಳೆದ ಮೇಲೆ ಕೇಳುತ್ತಾರೆ: "ಅಲ್ಲಾ ಕಣೋ, ಆ ತಮ್ಮ ಅತ್ತನಲ್ಲ, ಆಮೇಲೆ ಎಲ್ಲಿಗೆ ಹೋದ?"

ತಪ್ಪು ಅವರದಲ್ಲ. ಮಾತಿನ ಜೋರೆಲ್ಲ ಸ್ವರಗಳಲ್ಲಿದೆ. ಅರ್ಥ ಹೊರುವ ಸ, ಶ, ತ, ಕಗಳು ತೆಳು ಶಬ್ದಗಳು, ಮೇಲಿನ ಫ್ರೀಕ್ವೆನ್ಸಿಯವು. ವಯಸ್ಸಾದ ಕಿವಿ ಮೊದಲು ಕೈಬಿಡುವುದೂ ಅವನ್ನೇ, ಹಿನ್ನೆಲೆ ಸಂಗೀತ ಮೊದಲು ನುಂಗುವುದೂ ಅವನ್ನೇ. ಸತ್ತವನ ಸಕಾರ ಹೋದರೆ ಉಳಿಯುವುದು ಅತ್ತವನೇ.

ಇದಕ್ಕೇ ಅಂತ ಆರು ತಿಂಗಳ ಹಿಂದೆ ಮೂರು ಸ್ಪೀಕರ್, ಬೇಸಿಗೊಂದು ವೂಫರ್ ಇರುವ 3.1 ಸೌಂಡ್‌ಬಾರ್ ತಂದಿದ್ದೆ. ಶಬ್ದವನ್ನು ಐದು ಸ್ಪೀಕರ್, ಒಂದು ವೂಫರಿಗೆ ಬೇರೆ ಬೇರೆ ಚಾನೆಲ್ ಮಾಡಿ ಹಂಚಿದ 5.1 ಸಿನಿಮಾದಲ್ಲಿ ಮಾತೆಲ್ಲ ಹೆಚ್ಚಾಗಿ ನಡುವಿನ ಚಾನೆಲ್‌ನಲ್ಲೇ ಇರುತ್ತದೆ, ಈ ಸೌಂಡ್‌ಬಾರ್‌ಗೂ ನಡುವೆ ಅದಕ್ಕಾಗಿಯೇ ಒಂದು ಸ್ಪೀಕರ್ ಇದೆ. ಡೈಲಾಗ್ ಮೋಡ್ ಒತ್ತಿದರೆ ಅದೊಂದೇ ಮೇಲೇಳಬೇಕು. ನಮ್ಮ ಮನೆಯಲ್ಲಿ ಒತ್ತಿದರೆ ಮಾತಿನ ಜೊತೆ ಪಿಟೀಲೂ ಮೇಲೇಳುತ್ತಿತ್ತು. ಆರು ತಿಂಗಳು ಬಾರನ್ನೇ ಬೈದೆ.

ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತಾ ಟಿವಿಯ ಸೆಟ್ಟಿಂಗ್ಸ್ ಒಳಗೆ ಇಳಿದಾಗ ಕಳ್ಳ ಸಿಕ್ಕ. ಡಿಜಿಟಲ್ ಆಡಿಯೋ ಔಟ್‌ಪುಟ್ PCM ಅಂತ ಕೂತಿತ್ತು. ಹಾಗಿದ್ದಾಗ ನಮ್ಮ ಟಿವಿ 5.1 ಅನ್ನು ಎರಡೇ ಚಾನೆಲ್‌ಗೆ ಕಲಸಿ ಕಳಿಸುತ್ತದೆ. ಹುಳಿಯನ್ನ ಕಲಸಿ ಕೊಟ್ಟು, ಈಗ ಬೇಳೆ ಮಾತ್ರ ಎತ್ತಿಕೋ ಅಂದರೆ ಬಾರ್ ತಾನೇ ಏನು ಮಾಡೀತು? ಅದನ್ನು Auto ಮಾಡಿದೆ (ಕೆಲವು ಟಿವಿಗಳಲ್ಲಿ Pass Through ಅಂತಿರುತ್ತದೆ). ಸಿನಿಮಾ ನೋಡುವ ಆ್ಯಪ್‌ನಲ್ಲಿ ಆಡಿಯೋ 5.1 ಆರಿಸಿದೆ. ಬಾರಿನ ಪುಟ್ಟ ಪರದೆಯಲ್ಲಿ ಮೊದಲ ಬಾರಿಗೆ 'ಡಾಲ್ಬಿ' ಅಂತ ಅಕ್ಷರ ಓಡಿತು. ಸರಿಹೋಗಿದೆ ಅನ್ನುವುದಕ್ಕೆ ಅದೇ ಗುರುತು.

ಖುಷಿಯಲ್ಲಿ ಡೈಲಾಗ್ ಮೋಡನ್ನು ತುದಿಗೇ ಏರಿಸಿದೆ. ಒಂದೊಂದು 'ಸ'ವೂ ಕುಕ್ಕರ್ ಸೀಟಿ ಹೊಡೆಯಿತು. ನೋಡಿದರೆ ಟಿವಿಯ ಕ್ಲಿಯರ್ ವಾಯ್ಸ್ ಕೂಡ ಆನ್ ಇದೆ. ಒಂದೇ ಸಾರಿಗೆ ಇಬ್ಬರು ಉಪ್ಪು ಹಾಕಿದ ಹಾಗೆ. ಅದನ್ನು ತೆಗೆದು, ಬಾರಿನದನ್ನು ಮಧ್ಯಮಕ್ಕೆ ಇಳಿಸಿದೆ.

ನೈಟ್ ಮೋಡಿನ ಕೆಲಸ ಬೇರೆ. ಅದು ಢಮಾರನ್ನು ತಗ್ಗಿಸಿ ಪಿಸುಮಾತನ್ನು ಎತ್ತುತ್ತದೆ. ಆದರೆ ಪಿಸುಮಾತಿನ ಜೊತೆಗಿದ್ದ ಮಳೆ, ಫ್ಯಾನಿನ ಗುಂಯ್‌ ಕೂಡ ಎದ್ದು ಕೂರುತ್ತವೆ. ಮಾತು, ಸಂಗೀತ ಎರಡೂ ಏಕಕಾಲಕ್ಕೆ ಬಂದರೆ ಅದು ಬಿಡಿಸಿಕೊಡುವುದೂ ಇಲ್ಲ. ಹಾಗಾಗಿ ಹಗಲು ಅದನ್ನು ಆಫ್ ಮಾಡಿಬಿಡುತ್ತೇನೆ, ಇಲ್ಲದಿದ್ದರೆ ಜೀಪು ಸ್ಫೋಟಿಸಿದ್ದೂ ಹಪ್ಪಳ ಮುರಿದ ಹಾಗೆ ಕೇಳುತ್ತದೆ.

ಅಂದಹಾಗೆ, ಊರಿನ ಮನೆಯಲ್ಲಿ ಅಪ್ಪನ ಹತ್ತಿರ ಅಂಗೈಯಗಲದ ಸ್ಪೀಕರಿನ ಟ್ರಾನ್ಸಿಸ್ಟರ್ ಇತ್ತು. ಹಜಾರದಲ್ಲಿ ಆಕಾಶವಾಣಿಯ ನಾಟಕ ಹಾಕಿದರೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಅಮ್ಮನಿಗೂ ಮಾತು ಮಾತೂ ಕೇಳುತ್ತಿತ್ತು. ಅದಕ್ಕೆ ಬೇಸ್ ಅನ್ನುವುದೇ ಇರಲಿಲ್ಲ, ಬರೀ ಮಧ್ಯದ ದನಿ, ಮನುಷ್ಯರ ದನಿ. ಆಗ "ಏನಂದ?" ಅಂತ ಪೀಡಿಸುತ್ತಿದ್ದವನು ನಾನು. ಅಪ್ಪ ಕೈಸನ್ನೆಯಲ್ಲೇ ಸುಮ್ಮನಿರಿಸಿ, ನಾಟಕ ಮುಗಿದ ಮೇಲೆ ಪೂರ್ತಿ ಕಥೆ ಹೇಳುತ್ತಿದ್ದರು. ಈಗ ಸಾವಿರಾರು ರೂಪಾಯಿ ಸುರಿದು, ವೂಫರಿನ ಜೋರನ್ನು ಎರಡು ಮೆಟ್ಟಿಲು ಇಳಿಸಿ, ನಾನು ಮಾಡಿದ್ದು ಆ ಟ್ರಾನ್ಸಿಸ್ಟರಿನ ಕೆಲಸವನ್ನೇ.

ಸಂಜೆ ಪರೀಕ್ಷೆಗೆಂದು ಅದೇ ದೃಶ್ಯ ಹಾಕಿದೆ. ವಾಲ್ಯೂಮ್ 18, ರಿಮೋಟ್ ಟೀಪಾಯಿಯ ಮೇಲೆ. "ತಮ್ಮ ಸತ್ತ."

ಅಪ್ಪ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. "ಅಯ್ಯೋ, ಸತ್ತೇ ಹೋದನಾ? ನಿನ್ನೆ ಬರೀ ಅತ್ತಿದ್ದನಲ್ಲೋ, ಅದೇ ವಾಸಿ ಇತ್ತು."